ನೆಲದಡಿಯ ಆರ್‌ಸಿಸಿ ನೀರಿನ ತೊಟ್ಟಿಯ ಸೋರಿಕೆ ಪರೀಕ್ಷೆ ಮತ್ತು ವರದಿ: ಕೊಡಗಿನ ಕಾಮಗಾರಿಗಳ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಗ್ರಾಮ ಪಂಚಾಯಿತಿಯ ಕುಡಿಯುವ ನೀರಿನ ಯೋಜನೆಗಳಿಗೆ, ಶಾಲೆ ಮತ್ತು ಹಾಸ್ಟೆಲುಗಳಿಗೆ, ಕಾಫಿ ತೋಟದ ಲೈನ್ ಮನೆಗಳಿಗೆ ನೆಲದಡಿಯಲ್ಲಿ ಕಟ್ಟುವ ಆರ್‌ಸಿಸಿ ತೊಟ್ಟಿಗಳ ಬಗ್ಗೆ ಗುತ್ತಿಗೆದಾರರು, ಸೈಟ್ ಇಂಜಿನಿಯರುಗಳು ಮತ್ತು ನೀರು ಸಮಿತಿಯ ಸದಸ್ಯರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಲೆಕ್ಕಗಳೆಲ್ಲ ಒಂದೇ ತೊಟ್ಟಿಯ ಸುತ್ತ ನಡೆಯುವಂತೆ, ಒಳ ಅಳತೆ 10 ಮೀಟರ್ ಉದ್ದ, 8 ಮೀಟರ್ ಅಗಲ, ನೀರಿನ ಆಳ 3 ಮೀಟರ್ ಇರುವ, ಮೇಲೆ ಸ್ಲ್ಯಾಬ್ ಮುಚ್ಚಿದ ತೊಟ್ಟಿಯೊಂದನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಅದರಲ್ಲಿ ಹಿಡಿಯುವ ನೀರು 2,40,000 ಲೀಟರ್.

ಸೋರಿಕೆ ಪರೀಕ್ಷೆಯಲ್ಲಿ ಮಾಡುವುದೇನು? ಪಾಸಾಗಲು ಮಿತಿ ಎಷ್ಟು?

ನೀರು ತುಂಬುವ ಕಾಂಕ್ರೀಟ್ ಕಟ್ಟಡಗಳ ಭಾರತೀಯ ಮಾನಕವಾದ ಐಎಸ್ 3370, ಭಾಗ 1ರ 2009ರ ಆವೃತ್ತಿಯಲ್ಲಿ ವಿಧಾನ ಸರಳವಾಗಿದೆ. ತೊಟ್ಟಿಯನ್ನು ಪೂರ್ಣ ಮಟ್ಟದವರೆಗೆ ತುಂಬಿ, ಕಾಂಕ್ರೀಟು ತನಗೆ ಬೇಕಾದ ನೀರನ್ನು ಕುಡಿದುಕೊಳ್ಳಲು 7 ದಿನ ಬಿಡಬೇಕು. ಆ ಬಳಿಕ ನೀರಿನ ಮಟ್ಟವನ್ನು ಗುರುತು ಮಾಡಿ, ಮುಂದಿನ 7 ದಿನಗಳಲ್ಲಿ 24 ಗಂಟೆಗೊಮ್ಮೆ ಮಟ್ಟವನ್ನು ಬರೆದುಕೊಳ್ಳಬೇಕು. ಎತ್ತರದ ಟ್ಯಾಂಕಿನಲ್ಲಾದರೆ ಹೊರಮೈ ಒಣಗಿದೆಯೇ ಎಂದು ಕಣ್ಣಾರೆ ನೋಡಬಹುದು. ನೆಲದಡಿಯ ತೊಟ್ಟಿಯ ಹೊರಮೈ ಕಾಣದ ಕಾರಣ ನೀರಿನ ಮಟ್ಟದ ಇಳಿಕೆಯೇ ಸಾಕ್ಷಿ. ಎಷ್ಟು ಇಳಿಕೆಯನ್ನು ಒಪ್ಪಬಹುದು ಎಂಬುದನ್ನು ತೀರ್ಮಾನಿಸುವ ಅಧಿಕಾರ ಕಾಮಗಾರಿಯ ಉಸ್ತುವಾರಿ ಇಂಜಿನಿಯರಿಗೆ ಇದೆ. ಆದರೂ ಮೇಲೆ ಮುಚ್ಚಿರುವ ನೆಲದಡಿಯ ತೊಟ್ಟಿಯಲ್ಲಿ 7 ದಿನದ ಒಟ್ಟು ಇಳಿಕೆ 40 ಮಿಲಿಮೀಟರ್ ಮೀರದಿದ್ದರೆ ಸಾಮಾನ್ಯವಾಗಿ ಅದನ್ನು ಸೋರದ ತೊಟ್ಟಿ ಎಂದು ಪರಿಗಣಿಸಬಹುದೆಂದು ಮಾನಕ ಹೇಳುತ್ತದೆ.

ಮಿತಿ ಮೀರಿದರೂ ದಿನದಿಂದ ದಿನಕ್ಕೆ ಇಳಿಕೆ ಕಡಿಮೆಯಾಗುತ್ತಿದ್ದರೆ ಪರೀಕ್ಷೆಯನ್ನು ಇನ್ನೂ 7 ದಿನ ಮುಂದುವರಿಸಲು ಅವಕಾಶವಿದೆ. ಈ ಭಾಗದ ಪರಿಷ್ಕೃತ ಆವೃತ್ತಿ 2021ರಲ್ಲಿ ಬಂದಿದೆ. ನಿಮ್ಮ ಟೆಂಡರಿನಲ್ಲಿ ಯಾವ ಆವೃತ್ತಿಯನ್ನು ಹೆಸರಿಸಿದ್ದಾರೆ, ಅದರ ಜೊತೆಗೆ ಇನ್ನೂ ಬಿಗಿಯಾದ ಮಿತಿಯನ್ನೇನಾದರೂ ಬರೆದಿದ್ದಾರೆಯೇ ಎಂಬುದನ್ನು ಕೆಲಸಕ್ಕೆ ಮೊದಲೇ ಓದಿಕೊಳ್ಳಿ.

40 ಮಿಲಿಮೀಟರ್ ಎಂದರೆ ನಿಜವಾಗಿ ಎಷ್ಟು ನೀರು?

ನಮ್ಮ ಉದಾಹರಣೆಯ ತೊಟ್ಟಿಯ ನೀರಿನ ಮೇಲ್ಮೈ 80 ಚದರ ಮೀಟರ್. ಆದ್ದರಿಂದ ಮಟ್ಟ 1 ಮಿಲಿಮೀಟರ್ ಇಳಿದರೆ 80 ಲೀಟರ್ ಹೋಯಿತು ಎಂದರ್ಥ. 40 ಮಿಲಿಮೀಟರಿಗೆ 3,200 ಲೀಟರ್, ದಿನಕ್ಕೆ ಸುಮಾರು 457 ಲೀಟರ್, ನಿಮಿಷಕ್ಕೆ ಸುಮಾರು 320 ಮಿಲಿಲೀಟರ್ ಆಗುತ್ತದೆ. ಇದು ಸಣ್ಣ ಪ್ರಮಾಣವಲ್ಲ. ಹೋಲಿಕೆಗೆ ಹೇಳುವುದಾದರೆ, ಬ್ರಿಟನ್ನಿನ ಹಳೆಯ ಮಾನಕ ಬಿಎಸ್ 8007ರಲ್ಲಿ 7 ದಿನದ ಇಳಿಕೆಯ ಮಿತಿಯಾಗಿ ನೀರಿನ ಸರಾಸರಿ ಆಳದ 500ನೇ ಒಂದು ಭಾಗವನ್ನು ಸೂಚಿಸಲಾಗಿತ್ತು. 3 ಮೀಟರ್ ಆಳಕ್ಕೆ ಅದು ಬರೀ 6 ಮಿಲಿಮೀಟರ್.

ಆದ್ದರಿಂದ ನನ್ನ ಅಭಿಪ್ರಾಯದಲ್ಲಿ 40 ಮಿಲಿಮೀಟರನ್ನು ಗುರಿಯೆಂದು ಭಾವಿಸಬಾರದು. ಅದು ದಾಟಬಾರದ ಗೆರೆ ಮಾತ್ರ. ಚೆನ್ನಾಗಿ ವೈಬ್ರೇಟರ್ ಹಾಕಿ, ಜಾಯಿಂಟುಗಳಲ್ಲಿ ವಾಟರ್ ಸ್ಟಾಪ್ ಸರಿಯಾಗಿ ಕೂರಿಸಿ ಕಟ್ಟಿದ ತೊಟ್ಟಿ 10 ಮಿಲಿಮೀಟರಿನೊಳಗೆ ನಿಲ್ಲಬೇಕು.

ಕೊಡಗಿನಲ್ಲಿ ಈ ಪರೀಕ್ಷೆಗೆ ಯಾವ ತಿಂಗಳು ಸೂಕ್ತ?

ಡಿಸೆಂಬರ್ ಮಧ್ಯದಿಂದ ಫೆಬ್ರವರಿ ಮಧ್ಯದವರೆಗಿನ ಅವಧಿ ಸೂಕ್ತ. ಅಷ್ಟರಲ್ಲಿ ಹಿಂಗಾರಿನ ಮಳೆ ನಿಂತು ನೆಲದೊಳಗಿನ ನೀರು ಇಳಿಯತೊಡಗಿರುತ್ತದೆ, ತೋಡು ಮತ್ತು ಬಾವಿಗಳಲ್ಲಿ ತೊಟ್ಟಿ ತುಂಬಲು ಬೇಕಾದಷ್ಟು ನೀರೂ ಇರುತ್ತದೆ. ಫೆಬ್ರವರಿಯ ಕೊನೆಯಿಂದ ಕಾಫಿ ಹೂವಿಗಾಗಿ ತೋಟಗಳಲ್ಲಿ ಸ್ಪ್ರಿಂಕ್ಲರುಗಳು ಓಡುತ್ತವೆ. ಆಗ ಎರಡು ಲಕ್ಷ ಲೀಟರಿಗೂ ಹೆಚ್ಚು ನೀರನ್ನು ಪರೀಕ್ಷೆಗೆಂದು ಕೇಳಿದರೆ ಊರಿನವರು ಬೇಸರಿಸುವುದು ಸಹಜ. ಡಿಸೆಂಬರ್–ಜನವರಿಯಲ್ಲಿ ಕಾಫಿ ಕೊಯ್ಲಿನಿಂದಾಗಿ ಕೆಲಸದವರು ಸಿಗುವುದು ಕಷ್ಟವೆಂಬುದು ನಿಜ. ಆದರೆ ಪರೀಕ್ಷೆಗೆ ದಿನವೂ ಬೇಕಾಗುವುದು ಅಳತೆ ಬರೆಯುವ ಒಬ್ಬರು ಮತ್ತು ಅವರೊಡನೆ ಸಾಕ್ಷಿಯಾಗಿ ಇನ್ನೊಬ್ಬರು ಮಾತ್ರ.

ಜುಲೈನಲ್ಲಿ ತೊಟ್ಟಿ ತುಂಬಿಸಿಟ್ಟಿದ್ದೆವು, 7 ದಿನದಲ್ಲಿ ಹೆಚ್ಚೇನೂ ಇಳಿಯಲಿಲ್ಲ. ಆ ಫಲಿತಾಂಶವನ್ನು ವರದಿಯಲ್ಲಿ ಬರೆಯಬಹುದೇ?

ಹೊರಗಿನ ನೀರಿನ ಮಟ್ಟವನ್ನೂ ಅದೇ ದಿನಗಳಲ್ಲಿ ಅಳೆದು ಬರೆದಿಲ್ಲವಾದರೆ ಆ ಫಲಿತಾಂಶಕ್ಕೆ ಬೆಲೆಯಿಲ್ಲ. ಈ ಜಿಲ್ಲೆಯಲ್ಲಿ ಬೇರೆಲ್ಲಾ ವಿಷಯಗಳಿಗಿಂತ ಹೆಚ್ಚು ಗಮನ ಕೊಡಬೇಕಾದದ್ದು ಇದೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ.

ನೀರು ಸೋರುವುದು ಒಳಗೆ ನೀರಿದೆ ಎಂಬ ಕಾರಣಕ್ಕಲ್ಲ, ಒಳಗಿನ ಮತ್ತು ಹೊರಗಿನ ನೀರಿನ ಎತ್ತರಗಳ ನಡುವೆ ವ್ಯತ್ಯಾಸವಿದೆ ಎಂಬ ಕಾರಣಕ್ಕೆ. ತೊಟ್ಟಿಯ ತಳ ಮತ್ತು ಗೋಡೆ ಕೂಡುವ ಜಾಯಿಂಟಿನಲ್ಲಿ ಸಣ್ಣ ಬಿರುಕಿದೆ ಎಂದುಕೊಳ್ಳಿ. ಜನವರಿಯಲ್ಲಿ ಹೊರಗಿನ ನೆಲ ತಳದವರೆಗೂ ಒಣಗಿದ್ದರೆ ಆ ಬಿರುಕಿನ ಮೇಲೆ 3 ಮೀಟರ್ ನೀರಿನ ಒತ್ತಡ ಪೂರ್ತಿಯಾಗಿ ಬೀಳುತ್ತದೆ. ಜುಲೈನಲ್ಲಿ ಹೊರಗೆ ತಳದಿಂದ 2 ಮೀಟರ್ ಎತ್ತರಕ್ಕೆ ನೀರು ನಿಂತಿದ್ದರೆ ಉಳಿಯುವುದು 1 ಮೀಟರಿನ ಒತ್ತಡ ಮಾತ್ರ. ಕೂದಲೆಳೆಯ ಬಿರುಕಿನಲ್ಲಿ ಹರಿವು ಸುಮಾರಾಗಿ ಈ ವ್ಯತ್ಯಾಸಕ್ಕೆ ಅನುಗುಣವಾಗಿರುವುದರಿಂದ ಸೋರಿಕೆ ಮೂರನೇ ಒಂದು ಭಾಗಕ್ಕೆ ಕುಸಿದು ಕಾಣುತ್ತದೆ. ಎರಡೂ ಕಡೆ ನೀರು ಸಮಮಟ್ಟದಲ್ಲಿದ್ದರೆ ಎಷ್ಟು ದೊಡ್ಡ ಬಿರುಕಿದ್ದರೂ ಮಟ್ಟ ಕದಲುವುದಿಲ್ಲ. ಹೊರಗಿನ ನೀರೇ ಎತ್ತರದಲ್ಲಿದ್ದರೆ ಒಳಗಿನ ಮಟ್ಟ ಏರಲೂಬಹುದು. ಮ್ಯಾನ್‌ಹೋಲಿನಿಂದ ಮಳೆನೀರು ಬಿದ್ದಿರಬೇಕೆಂದು ಅದನ್ನು ತಳ್ಳಿಹಾಕುವುದು ತಪ್ಪಾಗುತ್ತದೆ.

ಕುಡಿಯುವ ನೀರಿನ ತೊಟ್ಟಿಯಲ್ಲಿ ಒಳಮುಖದ ಸೋರಿಕೆ ಹೊರಮುಖದ ಸೋರಿಕೆಗಿಂತ ಅಪಾಯಕಾರಿ. ಬೆಳಗಿನ ಪೂರೈಕೆಯ ನಂತರ ತೊಟ್ಟಿಯಲ್ಲಿ ಅರ್ಧ ಮೀಟರ್ ನೀರು ಉಳಿದಿರುವಾಗ ಹೊರಗೆ 2 ಮೀಟರ್ ನೀರು ನಿಂತಿದ್ದರೆ, ಪರೀಕ್ಷೆಯಲ್ಲಿ ಕಾಣದೇ ಹೋದ ಅದೇ ಬಿರುಕಿನಿಂದ ಸುತ್ತಲಿನ ನೀರು ಒಳಬರುತ್ತದೆ. ಪಲ್ಪಿಂಗ್ ಘಟಕದ ಗುಂಡಿಯೋ ಶೌಚದ ಗುಂಡಿಯೋ ಮೇಲಿನ ಇಳಿಜಾರಿನಲ್ಲಿದ್ದರೆ ಅದರ ಪರಿಣಾಮವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೊರಗಿನ ನೀರಿನ ಮಟ್ಟವನ್ನು ತಿಳಿಯುವುದು ಹೇಗೆ?

ತೊಟ್ಟಿಗೆಂದು ಅಗೆದ ಗುಂಡಿಗೆ ಮಣ್ಣು ತುಂಬುವಾಗಲೇ ಗೋಡೆಯ ಪಕ್ಕದಲ್ಲಿ, ಇಳಿಜಾರಿನ ಮೇಲ್ಭಾಗಕ್ಕೆ ಒಂದು ಮತ್ತು ಕೆಳಭಾಗಕ್ಕೆ ಒಂದು ಪಿವಿಸಿ ಪೈಪನ್ನು ನೆಟ್ಟಗೆ ನಿಲ್ಲಿಸಿ. ಪೈಪಿನ ಕೆಳಗಿನ ಒಂದು ಮೀಟರಿಗೆ ತೂತು ಕೊರೆದು, ಬಲೆ ಸುತ್ತಿ, ಸುತ್ತ ಜಲ್ಲಿ ಹಾಕಬೇಕು. ತುದಿ ತೊಟ್ಟಿಯ ತಳಕ್ಕಿಂತ ಕೆಳಗಿರಬೇಕು. ಮೇಲೆ ಮುಚ್ಚಳ ಹಾಕಿದರೆ ಮಳೆನೀರು ನೇರವಾಗಿ ಇಳಿಯುವುದಿಲ್ಲ. ಟೇಪಿನ ತುದಿಗೆ ತೂಕ ಕಟ್ಟಿ ಇಳಿಸಿದರೆ ನೀರಿನ ಮಟ್ಟ ಸಿಗುತ್ತದೆ. ಖರ್ಚು ತೀರಾ ಕಡಿಮೆಯಿರುವ ಈ ಪೈಪುಗಳು ಅಂದಾಜುಪಟ್ಟಿಯಲ್ಲಿ ಇಲ್ಲದಿದ್ದರೂ ಹಾಕಿಸಿಕೊಳ್ಳಬೇಕೆಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ, ಏಕೆಂದರೆ ಮುಂದೆ ತೊಟ್ಟಿಯನ್ನು ತೊಳೆಯಲು ಖಾಲಿ ಮಾಡುವ ಪ್ರತಿ ಸಲವೂ ಇವು ಬೇಕಾಗುತ್ತವೆ.

ಮೇಲ್ಭಾಗದ ಪೈಪಿನಲ್ಲಿ ನೀರು ಎತ್ತರದಲ್ಲಿದ್ದು ಕೆಳಭಾಗದ ಪೈಪು ಒಣಗಿರುವುದು ನಮ್ಮ ಇಳಿಜಾರುಗಳಲ್ಲಿ ಸಾಮಾನ್ಯ. ಎರಡನ್ನೂ ಪ್ರತ್ಯೇಕವಾಗಿ ಬರೆಯಿರಿ, ಸರಾಸರಿ ಮಾಡಬೇಡಿ.

ಪರೀಕ್ಷೆಯನ್ನು ಗೋಡೆಯ ಸುತ್ತ ಮಣ್ಣು ತುಂಬುವ ಮೊದಲು ಮಾಡಬೇಕೇ, ನಂತರವೇ?

ಸಾಧ್ಯವಿದ್ದಲ್ಲೆಲ್ಲ ಮೊದಲೇ ಮಾಡಬೇಕು. ಗೋಡೆ ತೆರೆದಿರುವಾಗ ಒದ್ದೆಯಾದ ಜಾಗ ಕಣ್ಣಿಗೆ ಕಾಣುತ್ತದೆ, ಸೀಮೆಸುಣ್ಣದಿಂದ ಗುರುತು ಹಾಕಿ ಹೊರಗಿನಿಂದಲೇ ದುರಸ್ತಿ ಮಾಡಬಹುದು. ಆದರೆ ಇದಕ್ಕೆ ಒಂದು ಷರತ್ತಿದೆ. ಒಳಗೆ ತುಂಬಿದ ನೀರು, ಹೊರಗೆ ಆಸರೆಯ ಮಣ್ಣಿಲ್ಲ ಎಂಬ ಸ್ಥಿತಿಗೆ ಗೋಡೆಯ ವಿನ್ಯಾಸ ನಡೆದಿರಬೇಕು. ಸರಿಯಾದ ವಿನ್ಯಾಸದಲ್ಲಿ ಈ ಸ್ಥಿತಿಯನ್ನೂ, ಒಳಗೆ ಖಾಲಿ ಹೊರಗೆ ನೆನೆದ ಮಣ್ಣು ಎಂಬ ವಿರುದ್ಧ ಸ್ಥಿತಿಯನ್ನೂ ಲೆಕ್ಕಹಾಕಿರುತ್ತಾರೆ. ನಕ್ಷೆಯಲ್ಲಿ ಅದರ ಉಲ್ಲೇಖವಿಲ್ಲದಿದ್ದರೆ ವಿನ್ಯಾಸಕಾರರಿಂದ ಬರಹದಲ್ಲಿ ಒಪ್ಪಿಗೆ ಪಡೆಯುವವರೆಗೆ ನೀರು ತುಂಬಬೇಡಿ.

ಒಳಗಿನ ಪ್ಲಾಸ್ಟರ್ ಮತ್ತು ವಾಟರ್‌ಪ್ರೂಫಿಂಗ್ ಬಳಿಯುವ ಕೆಲಸವೂ ಪರೀಕ್ಷೆಯ ನಂತರವೇ ಆಗಬೇಕು. ನೀರನ್ನು ಹಿಡಿದಿಡಬೇಕಾದದ್ದು ಕಾಂಕ್ರೀಟು. ಬಳಿದ ಪದರದ ಭರವಸೆಯ ಮೇಲೆ ಪಾಸಾದ ತೊಟ್ಟಿಯ ಸ್ಥಿತಿ ಆ ಪದರ ಎದ್ದುಬಂದ ದಿನ ಬಯಲಾಗುತ್ತದೆ.

ನೀರು ಬಿಡುವ ಮೊದಲು ಏನೇನು ಸಿದ್ಧವಾಗಿರಬೇಕು?

ಕಾಂಕ್ರೀಟಿಗೆ 28 ದಿನ ತುಂಬಿರಬೇಕು, ಕ್ಯೂಬ್ ಪರೀಕ್ಷೆಯ ಫಲಿತಾಂಶ ಕೈಯಲ್ಲಿರಬೇಕು, ಒಳಗೆ ಗುಡಿಸಿ ತೊಳೆದಿರಬೇಕು. ಶಟರಿಂಗ್ ಬಿಗಿಯಲು ಬಳಸಿದ ರಾಡುಗಳ ತೂತುಗಳನ್ನು ಮುಚ್ಚಿರಬೇಕು. ಕಾಂಕ್ರೀಟು ಸರಿಯಾಗಿ ಕೂರದೆ ಟೊಳ್ಳಾಗಿ ಉಳಿದ, ಕಣ್ಣಿಗೆ ಕಾಣುವ ಹನಿಕೂಂಬನ್ನು ಗಟ್ಟಿ ಕಾಂಕ್ರೀಟು ಸಿಗುವವರೆಗೆ ಕೆತ್ತಿ ತುಂಬಿರಬೇಕು, ಮೇಲೆ ಸಿಮೆಂಟು ಹಾಲು ಬಳಿದು ಮರೆಮಾಡಿರಬಾರದು.

ಹೆಚ್ಚು ಪರೀಕ್ಷೆಗಳು ಕೆಡುವುದು ವಾಲ್ವುಗಳಿಂದ. ಒಳಹರಿವಿನ, ಹೊರಹರಿವಿನ ಮತ್ತು ತೊಟ್ಟಿ ಖಾಲಿ ಮಾಡುವ ಸ್ಕೌರ್ ಪೈಪುಗಳ ವಾಲ್ವನ್ನು ತಿರುಗಿಸಿ ಮುಚ್ಚಿದರೆ ಸಾಲದು. ರಬ್ಬರ್ ಗ್ಯಾಸ್ಕೆಟ್ ಇಟ್ಟು ಬ್ಲ್ಯಾಂಕ್ ಫ್ಲ್ಯಾಂಜ್ ಬಿಗಿಯಬೇಕು. ನಮ್ಮ ತೊಟ್ಟಿಯಲ್ಲಿ ವಾಲ್ವಿನಿಂದ ನಿಮಿಷಕ್ಕೆ 55 ಮಿಲಿಲೀಟರ್ ಜಿನುಗಿದರೂ ದಿನಕ್ಕೆ 1 ಮಿಲಿಮೀಟರ್ ಇಳಿಕೆ ಬರುತ್ತದೆ. ಒಳಹರಿವಿನ ಪೈಪು ಬೇರೆ ಟ್ಯಾಂಕಿಗೆ ಕೂಡಿಕೊಂಡಿದ್ದರೆ ಆ ಕಡೆಯಿಂದ ನೀರು ಒಳಗೆ ಜಿನುಗಿ ಸೋರಿಕೆಯನ್ನು ಮುಚ್ಚಿಹಾಕುವ ಸಾಧ್ಯತೆಯೂ ಇದೆ.

ಎಷ್ಟು ವೇಗವಾಗಿ ತುಂಬಬಹುದು? ತುಂಬಿದ ಮೇಲೆ 7 ದಿನ ಸುಮ್ಮನೆ ಕಾಯುವುದು ಏಕೆ?

24 ಗಂಟೆಯಲ್ಲಿ 2 ಮೀಟರಿಗಿಂತ ಹೆಚ್ಚು ಎತ್ತರಕ್ಕೆ ತುಂಬಬಾರದೆಂದು ಹಳೆಯ ಬಿಎಸ್ 8007ರಲ್ಲಿ ಹೇಳಲಾಗಿತ್ತು. ಹೊಸ ಗೋಡೆಯ ಮೇಲೆ ಭಾರ ಒಮ್ಮೆಲೇ ಬೀಳದಂತೆ ನೋಡಿಕೊಳ್ಳುವುದು ಇದರ ಉದ್ದೇಶ. ನಮ್ಮ ಗುಡ್ಡಗಾಡಿನಲ್ಲಿ ದಿನಕ್ಕೆ 1 ಮೀಟರಿನಂತೆ ಮೂರು ದಿನ ತುಂಬುವುದನ್ನು ನಾನು ಬಯಸುತ್ತೇನೆ. ಪ್ರತಿ ಹಂತದ ಕೊನೆಗೆ ಸುತ್ತಲೂ ನಡೆದು ನೋಡಲು ಸಮಯ ಸಿಗುತ್ತದೆ.

ಇನ್ನು ಕಾಯುವುದರ ಕಾರಣ. ಒಣಗಿದ ಕಾಂಕ್ರೀಟಿನ ಸಣ್ಣ ರಂಧ್ರಗಳು ನೀರು ಕುಡಿಯುತ್ತವೆ. ನಮ್ಮ ತೊಟ್ಟಿಯಲ್ಲಿ ನೀರು ತಾಗುವ ಗೋಡೆ ಮತ್ತು ತಳ ಸೇರಿ 188 ಚದರ ಮೀಟರ್. ಅಂದಾಜಿಗೆ 50 ಮಿಲಿಮೀಟರ್ ಆಳದವರೆಗೆ ಕಾಂಕ್ರೀಟಿನ ಗಾತ್ರದ ನೂರಕ್ಕೆ 5ರಷ್ಟು ನೀರು ಹೀರಿಕೊಂಡಿತು ಎಂದರೂ 470 ಲೀಟರ್, ಅಂದರೆ ಸುಮಾರು 6 ಮಿಲಿಮೀಟರ್ ಇಳಿಕೆಯಾಯಿತು. ಅದು ಸೋರಿಕೆಯಲ್ಲ. ಇದೇ ದಿನಗಳಲ್ಲಿ ಕೂದಲೆಳೆಯ ಬಿರುಕುಗಳಲ್ಲಿ ಸುಣ್ಣದ ಅಂಶ ಕೂಡಿ ಕೆಲವು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಕಾಯುವ ಅವಧಿಯಲ್ಲಿ ಮಟ್ಟ ಇಳಿದಷ್ಟು ನೀರು ಸೇರಿಸಬಹುದು, ಆದರೆ ಅಳತೆ ಶುರುವಾದ ಮೇಲೆ ಒಂದು ಬಿಂದಿಗೆಯನ್ನೂ ಸೇರಿಸಕೂಡದು.

ಮಿಲಿಮೀಟರ್ ಲೆಕ್ಕದಲ್ಲಿ ಮಟ್ಟವನ್ನು ನಂಬಿಕೆಯಿಂದ ಅಳೆಯುವುದು ಹೇಗೆ?

ಗೋಡೆಗೆ ಬಳಿದ ಬಣ್ಣದ ಗೆರೆಯಾಗಲಿ, ಮೇಲಿನಿಂದ ಇಳಿಬಿಟ್ಟ ಟೇಪಾಗಲಿ ಸಾಲದು. ಮ್ಯಾನ್‌ಹೋಲಿನ ಪಕ್ಕದ ಗೋಡೆಗೆ ಭದ್ರವಾಗಿ ಕೂರಿಸಿದ ಹುಕ್ ಗೇಜ್ ಉತ್ತಮ. ಅದರ ಕೊಕ್ಕೆಯ ತುದಿಯನ್ನು ನೀರಿನೊಳಗಿನಿಂದ ಮೇಲಕ್ಕೆತ್ತುತ್ತ, ಅದು ನೀರಿನ ಮೈಯನ್ನು ಮುಟ್ಟುವ ಕ್ಷಣದಲ್ಲಿ ಅಳತೆ ಓದಬೇಕು. ಅದು ಸಿಗದಿದ್ದರೆ ಸ್ಟೀಲ್ ಸ್ಕೇಲನ್ನು ಗೋಡೆಗೆ ಸ್ಕ್ರೂ ಹಾಕಿ ಬಿಗಿದು, ಟಾರ್ಚ್ ಬೆಳಕಿನಲ್ಲಿ ಮಟ್ಟವನ್ನು ಓದಿ, ಪ್ರತಿದಿನ ಫೋಟೋ ತೆಗೆಯಿರಿ.

ಪ್ರತಿದಿನವೂ ಬೆಳಿಗ್ಗೆ ಅದೇ ಗಂಟೆಗೆ ಓದಬೇಕು, ನೀರಿನ ಉಷ್ಣಾಂಶವನ್ನೂ ಬರೆಯಬೇಕು. ನೀರು 25 ಡಿಗ್ರಿಯಿಂದ 20 ಡಿಗ್ರಿಗೆ ತಣಿದರೆ 3 ಮೀಟರ್ ಆಳದ ನೀರು ಕುಗ್ಗಿಯೇ ಸುಮಾರು 3.5 ಮಿಲಿಮೀಟರ್ ಇಳಿಯುತ್ತದೆ. ಹಗಲಿನ ಬಿಸಿಲಿನಲ್ಲಿ ಪೈಪಿನಿಂದ ಬಂದ ನೀರು ಜನವರಿಯ ಚಳಿಯಲ್ಲಿ ತಣಿಯುವುದನ್ನು ಸೋರಿಕೆಯೆಂದು ಓದುವುದು ಗುತ್ತಿಗೆದಾರರಿಗೆ ಅನ್ಯಾಯ.

ಆವಿಯಾಗುವ ನೀರನ್ನು ತಿಳಿಯಲು, ಸೋರದ ಅಗಲ ಬಾಯಿಯ ಪಾತ್ರೆಯೊಂದರಲ್ಲಿ ಮುಕ್ಕಾಲು ಭಾಗ ನೀರು ತುಂಬಿ ತೊಟ್ಟಿಯೊಳಗೇ ತೇಲಿಬಿಡಿ. ಅದರ ಇಳಿಕೆ ಆವಿಯ ಪಾಲು. ಮುಚ್ಚಿದ ತೊಟ್ಟಿಯಲ್ಲಿ ಇದು ತೀರಾ ಕಡಿಮೆ ಇರುತ್ತದೆ.

ಒಂದು ಪರೀಕ್ಷೆಯ ಲೆಕ್ಕವನ್ನು ಮೊದಲಿನಿಂದ ಕೊನೆಯವರೆಗೆ ತೋರಿಸಬಹುದೇ?

ನಮ್ಮ ಉದಾಹರಣೆಯ ತೊಟ್ಟಿಯನ್ನೇ ತೆಗೆದುಕೊಳ್ಳೋಣ. ಕಾಲ ಜನವರಿ, ಹೊರಗಿನ ಎರಡೂ ಪೈಪುಗಳು ತಳದವರೆಗೆ ಒಣಗಿವೆ, ಮಣ್ಣು ತುಂಬಿಯಾಗಿದೆ. ಮೂರು ಅವಧಿಗಳ ದೈನಂದಿನ ಇಳಿಕೆ ಮಿಲಿಮೀಟರಿನಲ್ಲಿ ಹೀಗಿದೆ ಎಂದಿಟ್ಟುಕೊಳ್ಳಿ:

| ದಿನ | ಮೊದಲ ವಾರ | ಮುಂದುವರಿಸಿದ ವಾರ | ದುರಸ್ತಿಯ ನಂತರ |
|---|---|---|---|
| 1 | 11 | 6 | 1 |
| 2 | 9 | 6 | 1 |
| 3 | 8 | 6 | 1 |
| 4 | 7 | 5 | 1 |
| 5 | 6 | 6 | 0 |
| 6 | 6 | 6 | 1 |
| 7 | 6 | 6 | 0 |
| ಒಟ್ಟು | 53 | 41 | 5 |

ಮೊದಲ ವಾರದ 53 ಮಿಲಿಮೀಟರ್ ಮಿತಿಯನ್ನು ಮೀರಿದೆ. ಆದರೆ 11ರಿಂದ 6ಕ್ಕೆ ಇಳಿಯುತ್ತ ಬಂದಿರುವುದರಿಂದ ಇನ್ನೊಂದು ವಾರ ಮುಂದುವರಿಸುವುದು ನಿಯಮಬದ್ಧ. ಎರಡನೇ ವಾರದ ಒಟ್ಟು 41. ತೇಲಿಬಿಟ್ಟ ಪಾತ್ರೆಯಲ್ಲಿ ಅದೇ ವಾರ 2 ಮಿಲಿಮೀಟರ್ ಇಳಿದಿದ್ದರೆ, ಅದನ್ನು ಕಳೆದು 39 ಎಂದು ಬರೆದು ಪಾಸು ಮಾಡೋಣ ಎಂಬ ಮಾತು ಖಂಡಿತ ಬರುತ್ತದೆ. ಇದನ್ನು ನಾನು ಒಪ್ಪುವುದಿಲ್ಲ. 40ರ ಮಿತಿಯನ್ನು ಹೇಳಿರುವುದೇ ಮುಚ್ಚಿದ ತೊಟ್ಟಿಗೆ, ಅಲ್ಲಿನ ಅಲ್ಪ ಆವಿ ಅದರೊಳಗೇ ಸೇರಿದೆ. ಅದಕ್ಕಿಂತ ಮುಖ್ಯವಾದದ್ದು ಅಂಕಿಗಳ ನಡೆ. ಕಾಂಕ್ರೀಟು ನೀರು ಕುಡಿಯುವುದರಿಂದ ಆಗುವ ಇಳಿಕೆ ದಿನೇ ದಿನೇ ತಗ್ಗುತ್ತ ಹೋಗಬೇಕು. ಇಲ್ಲಿ ಅದು 6ಕ್ಕೆ ಬಂದು ನಿಂತುಬಿಟ್ಟಿದೆ. ದಿನಕ್ಕೆ 480 ಲೀಟರ್ ಯಾವುದೋ ಒಂದು ದಾರಿಯಿಂದ ಒಂದೇ ಸಮನೆ ಹೋಗುತ್ತಿದೆ ಎಂಬುದನ್ನು ಇದು ಹೇಳುತ್ತದೆ.

ಹುಡುಕಾಟವನ್ನು ವಾಲ್ವ್ ಚೇಂಬರಿನಿಂದ ಶುರುಮಾಡಬೇಕು. ಸ್ಕೌರ್ ಪೈಪಿಗೆ ಬ್ಲ್ಯಾಂಕ್ ಫ್ಲ್ಯಾಂಜ್ ಹಾಕದೆ ಬರೀ ವಾಲ್ವ್ ಮುಚ್ಚಿದ್ದು, ಅದರ ಬಾಯಿಗೆ ಅಳತೆಯ ಪಾತ್ರೆ ಹಿಡಿದಾಗ ನಿಮಿಷಕ್ಕೆ 120 ಮಿಲಿಲೀಟರ್ ಸಿಕ್ಕಿತು ಎಂದುಕೊಳ್ಳಿ. ಅದು ದಿನಕ್ಕೆ ಸುಮಾರು 173 ಲೀಟರ್, ಅಂದರೆ 2.2 ಮಿಲಿಮೀಟರ್. ಫ್ಲ್ಯಾಂಜ್ ಬಿಗಿದ ಮೇಲೂ ದಿನಕ್ಕೆ 4 ಮಿಲಿಮೀಟರಿನಷ್ಟು ಇಳಿಕೆ ಉಳಿದಿದೆ. ಅದು ಕಾಂಕ್ರೀಟಿನ ಸೋರಿಕೆ.

ಮಣ್ಣು ಮುಚ್ಚಿದ ತೊಟ್ಟಿಯಲ್ಲಿ ಸೋರುವ ಜಾಗವನ್ನು ಪತ್ತೆಮಾಡುವುದು ಹೇಗೆ?

ನೀರಿನ ಮಟ್ಟವನ್ನು ಹಂತಹಂತವಾಗಿ ತಗ್ಗಿಸಿ, ಪ್ರತಿ ಹಂತದಲ್ಲಿ ಕನಿಷ್ಠ ಎರಡು ದಿನ ನಿಲ್ಲಿಸಿ ಇಳಿಕೆಯನ್ನು ಅಳೆಯಬೇಕು. ಮೇಲಿನ ಉದಾಹರಣೆಯಲ್ಲಿ 3 ಮೀಟರ್ ಆಳದಲ್ಲಿ ದಿನಕ್ಕೆ ಸುಮಾರು 4, 2 ಮೀಟರಿನಲ್ಲಿ 2ಕ್ಕೆ ಸ್ವಲ್ಪ ಹೆಚ್ಚು, 1 ಮೀಟರಿನಲ್ಲಿ 1ಕ್ಕಿಂತ ಕಡಿಮೆ, ಅರ್ಧ ಮೀಟರಿನಲ್ಲಿ ಶೂನ್ಯ ಎಂದು ಬಂದರೆ, ಸೋರುವ ಜಾಗ ತಳದಿಂದ ಅರ್ಧ ಮೀಟರಿಗೂ 1 ಮೀಟರಿಗೂ ನಡುವೆ ಇದೆ. ಇಳಿಕೆಯನ್ನು ನೀರಿನ ಎತ್ತರದೊಂದಿಗೆ ಗ್ರಾಫ್ ಹಾಳೆಯಲ್ಲಿ ಗುರುತಿಸಿ ಗೆರೆ ಎಳೆದರೆ ಅದು 0.6 ಮೀಟರಿನ ಆಸುಪಾಸಿನಲ್ಲಿ ಶೂನ್ಯವನ್ನು ಮುಟ್ಟುತ್ತದೆ. ಹೊರಹರಿವಿನ ಪೈಪು ಗೋಡೆಯನ್ನು ದಾಟುವ ಎತ್ತರವೂ ಅದೇ ಆಗಿದ್ದರೆ ಅನುಮಾನ ಆ ಪೈಪಿನ ಸುತ್ತಲಿನ ಕಾಂಕ್ರೀಟಿನ ಮೇಲೆ ಬೀಳುತ್ತದೆ. ಗೋಡೆಯೊಳಗೆ ಪೈಪಿನ ಸುತ್ತ ಕೂರಿಸುವ ಪಡಲ್ ಕಾಲರಿನ ಅಡಿಭಾಗಕ್ಕೆ ವೈಬ್ರೇಟರ್ ಸೂಜಿ ತಲುಪದೆ ಅಲ್ಲಿ ಹನಿಕೂಂಬ್ ಉಳಿಯುವುದು ಬಹಳ ಕಡೆ ಕಾಣುವ ದೋಷ.

ಖಚಿತಪಡಿಸಿಕೊಳ್ಳಲು ನೀರು ಅಲುಗಾಡದಿರುವಾಗ ಬಣ್ಣದ ನೀರನ್ನು ಸಿರಿಂಜಿನಿಂದ ಪೈಪಿನ ಬುಡದ ಹತ್ತಿರ ಮೆಲ್ಲಗೆ ಬಿಡಬೇಕು. ಸೋರುವ ಜಾಗವಿದ್ದರೆ ಬಣ್ಣದ ಎಳೆ ಅದರತ್ತ ಎಳೆದುಕೊಂಡು ಹೋಗುತ್ತದೆ. ಮುಚ್ಚಿದ ತೊಟ್ಟಿಯೊಳಗೆ ಒಬ್ಬರೇ ಇಳಿಯಕೂಡದು. ಗಾಳಿಯಾಡಲು ಎಲ್ಲ ಮ್ಯಾನ್‌ಹೋಲುಗಳನ್ನು ತೆರೆದು, ಬ್ಲೋವರ್ ಹಾಕಿ, ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಕಾವಲಿಗೆ ಜನರನ್ನು ನಿಲ್ಲಿಸಿಯೇ ಇಳಿಯಬೇಕು.

ಕೊನೆಯವರೆಗೂ ಇಳಿಕೆ ನಿಲ್ಲದಿದ್ದರೆ ದೋಷ ತಳದ ಸ್ಲ್ಯಾಬಿನಲ್ಲಿ ಅಥವಾ ತಳ–ಗೋಡೆಯ ಜಾಯಿಂಟಿನಲ್ಲಿದೆ.

ದಿನದಿಂದ ದಿನಕ್ಕೆ ಇಳಿಕೆ ಹೆಚ್ಚುತ್ತ ಹೋದರೆ?

ಪರೀಕ್ಷೆಯನ್ನು ಅಂದೇ ನಿಲ್ಲಿಸಿ. 4, 6, 9 ಎಂದು ಏರುವ ಅಂಕಿಗಳು ಬಿರುಕು ಅಗಲವಾಗುತ್ತಿರುವುದನ್ನೋ ತಳದಡಿಯ ಮಣ್ಣು ಕೊಚ್ಚಿಹೋಗುತ್ತಿರುವುದನ್ನೋ ಸೂಚಿಸುತ್ತವೆ. ಗುಡ್ಡವನ್ನು ಅರ್ಧ ಕಡಿದು, ಕಡಿದ ಮಣ್ಣನ್ನೇ ಮುಂದಕ್ಕೆ ತುಂಬಿ ಮಾಡಿದ ಸಮತಟ್ಟಿನ ಮೇಲೆ ತೊಟ್ಟಿ ಕೂತಿದ್ದರೆ ಇದರ ಸಾಧ್ಯತೆ ಹೆಚ್ಚು. 240 ಟನ್ ನೀರಿನ ಭಾರಕ್ಕೆ ತುಂಬಿದ ಮಣ್ಣಿನ ಕಡೆ ಕುಸಿಯುತ್ತದೆ, ಕಡಿದ ನೆಲದ ಕಡೆ ಕದಲುವುದಿಲ್ಲ, ನಡುವೆ ತಳ ಸೀಳುತ್ತದೆ. 2018ರ ಆಗಸ್ಟಿನಲ್ಲಿ ಗುಡ್ಡಗಳು ಜಾರಿದ್ದನ್ನು ಕಂಡ ಜಿಲ್ಲೆಯಲ್ಲಿ, ಇಳಿಜಾರಿನ ಹೊಟ್ಟೆಗೆ ಸೋರುವ ನೀರನ್ನು ಯಾರೂ ಹಗುರವಾಗಿ ಕಾಣಬಾರದು. ಕೆಳಗಿನ ಮನೆಯವರಿಗೆ ಮೊದಲು ತಿಳಿಸಿ, ಬಳಿಕ ನೀರನ್ನು ಪೈಪಿನ ಮೂಲಕ ತೋಡಿಗೆ ಬಿಟ್ಟು ನಿಧಾನವಾಗಿ ಖಾಲಿ ಮಾಡಿ. ಇಳಿಜಾರಿನ ಮೇಲೆ ಸುರಿಯಬೇಡಿ.

ದುರಸ್ತಿ ಹೇಗೆ? ದುರಸ್ತಿಯ ಮೇಲೆ ಮರುಪರೀಕ್ಷೆ ಬೇಕೇ?

ಹನಿಕೂಂಬ್ ಇರುವಲ್ಲಿ ಸಡಿಲ ಭಾಗವನ್ನು ಕೆತ್ತಿ, ನಾಝಲ್ ಕೂರಿಸಿ, ಸಿಮೆಂಟ್ ಗ್ರೌಟನ್ನು ಒತ್ತಡದಲ್ಲಿ ತುಂಬಿ, ಮೇಲೆ ಕುಗ್ಗದ ಮಾರ್ಟರ್ ಮುಚ್ಚಬೇಕು. ನೀರು ಜಿನುಗುತ್ತಲೇ ಇರುವ ಸಣ್ಣ ಬಿರುಕಿಗೆ ಪಾಲಿಯುರೆಥೇನ್ ಇಂಜೆಕ್ಷನ್ ಹೊಂದುತ್ತದೆ. ಬಳಸುವ ವಸ್ತು ಕುಡಿಯುವ ನೀರಿಗೆ ಸುರಕ್ಷಿತವೆಂಬ ಪ್ರಮಾಣಪತ್ರ ಇರಬೇಕು. ಮರುಪರೀಕ್ಷೆ ಕಡ್ಡಾಯ, ಅದೂ 7 ದಿನ ಕಾಯುವುದರಿಂದ ಹಿಡಿದು ಪೂರ್ತಿಯಾಗಿ. ಪಟ್ಟಿಯ ಕೊನೆಯ ಸಾಲಿನ 5 ಮಿಲಿಮೀಟರ್ ಅಂತಹ ಮರುಪರೀಕ್ಷೆಯದು. ಬ್ರಿಟಿಷ್ ಮಿತಿಯ 6ರೊಳಗೂ ಅದು ನಿಲ್ಲುತ್ತದೆ.

ಪರೀಕ್ಷೆ ಮುಗಿದ ಮೇಲೆ ತೊಟ್ಟಿಯನ್ನು ಯಾವಾಗ ಬೇಕಾದರೂ ಖಾಲಿ ಮಾಡಬಹುದೇ?

ಮಳೆಗಾಲದಲ್ಲಿ ಖಂಡಿತ ಇಲ್ಲ. ಖಾಲಿ ತೊಟ್ಟಿಯನ್ನು ಸುತ್ತಲಿನ ನೀರು ದೋಣಿಯಂತೆ ಎತ್ತಬಲ್ಲದು. ನಮ್ಮ ತೊಟ್ಟಿಗೆ 250 ಮಿಲಿಮೀಟರ್ ಗೋಡೆ, 300 ಮಿಲಿಮೀಟರ್ ತಳ, 150 ಮಿಲಿಮೀಟರ್ ಮೇಲ್ಸ್ಲ್ಯಾಬ್, ಒಳ ಎತ್ತರ 3.5 ಮೀಟರ್ ಎಂದಿಟ್ಟುಕೊಂಡರೆ, ಒಳಗಿನ ಕಂಬ ತೊಲೆಗಳನ್ನು ಬಿಟ್ಟು ಕಾಂಕ್ರೀಟಿನ ತೂಕ ಸುಮಾರು 181 ಟನ್. ತಳದ ಹೊರ ಅಳತೆಯ ವಿಸ್ತೀರ್ಣ 89.25 ಚದರ ಮೀಟರ್. ಭಾಗಿಸಿದರೆ, ಹೊರಗಿನ ನೀರು ತಳದ ಅಡಿಯಿಂದ ಸುಮಾರು 2 ಮೀಟರ್ ಏರಿದಾಗಲೇ ತೂಕ ಮತ್ತು ಎತ್ತುವ ಬಲ ಸಮವಾಗುತ್ತವೆ. ವಿನ್ಯಾಸದಲ್ಲಿ ಇರಬೇಕಾದ 1.2ರ ಸುರಕ್ಷತಾ ಪ್ರಮಾಣವನ್ನು ಲೆಕ್ಕಕ್ಕೆ ತೆಗೆದುಕೊಂಡರೆ 1.7 ಮೀಟರಿಗೇ ನಿಲ್ಲಬೇಕು. ಇದಕ್ಕಾಗಿಯೇ ತಳದ ಸ್ಲ್ಯಾಬನ್ನು ಗೋಡೆಯಿಂದಾಚೆಗೆ ಚಾಚಿ ಅದರ ಮೇಲೆ ಮಣ್ಣಿನ ಭಾರ ಬರುವಂತೆ ವಿನ್ಯಾಸ ಮಾಡುತ್ತಾರೆ. ಆ ಚಾಚು ಇಲ್ಲದ ತೊಟ್ಟಿಯನ್ನೂ, ಚಾಚಿದ್ದರೂ ಇನ್ನೂ ಮಣ್ಣು ತುಂಬದ ತೊಟ್ಟಿಯನ್ನೂ ಮಳೆಗಾಲದಲ್ಲಿ ಖಾಲಿ ಬಿಡಬಾರದು. ಹೊರಗಿನ ಪೈಪಿನಲ್ಲಿ ನೀರು ಎಷ್ಟಿದೆ ಎಂದು ನೋಡಿದ ನಂತರವೇ ಸ್ಕೌರ್ ವಾಲ್ವಿಗೆ ಕೈ ಹಾಕಿ.

ಮೇಲಿನ ಸ್ಲ್ಯಾಬಿಗೂ ಪರೀಕ್ಷೆ ಇದೆಯೇ?

ಇದೆ. ಅಂಚಿಗೆ ಗಾರೆಯ ಕಟ್ಟೆ ಕಟ್ಟಿ, ಸ್ಲ್ಯಾಬಿನ ಮೇಲೆ ಕನಿಷ್ಠ 25 ಮಿಲಿಮೀಟರ್ ನೀರನ್ನು 24 ಗಂಟೆ ನಿಲ್ಲಿಸಿ, ಅಡಿಭಾಗದಲ್ಲಿ ಒದ್ದೆ ಕಾಣುತ್ತದೆಯೇ ಎಂದು ನೋಡಬೇಕು. ಮಟ್ಟದ ಅಳತೆ ನಡೆಯುವ ವಾರದಲ್ಲಿ ಇದನ್ನು ಮಾಡಬೇಡಿ, ಮೇಲಿನಿಂದ ಜಿನುಗಿದ ನೀರು ಕೆಳಗಿನ ಲೆಕ್ಕವನ್ನು ಕೆಡಿಸುತ್ತದೆ.

ವರದಿಯಲ್ಲಿ ಏನೇನು ಇರಬೇಕು?

"7 ದಿನ ಪರೀಕ್ಷಿಸಲಾಯಿತು, ಸೋರಿಕೆ ಕಂಡುಬಂದಿಲ್ಲ" ಎಂಬ ಒಂದೇ ಸಾಲಿನ ಪ್ರಮಾಣಪತ್ರವನ್ನು ವರದಿ ಎನ್ನಲಾಗದು. ಆ ವರದಿಯನ್ನು ಹತ್ತು ವರ್ಷದ ನಂತರ ತೆರೆದು ನೋಡುವ ಇಂಜಿನಿಯರಿಗೆ, ಅಂದು ಏನು ನಡೆಯಿತೆಂಬುದನ್ನು ಮತ್ತೆ ಲೆಕ್ಕಹಾಕಿ ನೋಡಲು ಸಾಧ್ಯವಾಗಬೇಕು. ಆದ್ದರಿಂದ ತೊಟ್ಟಿಯ ಒಳ ಅಳತೆ, ನೀರಿನ ಮೇಲ್ಮೈ ವಿಸ್ತೀರ್ಣ, ಕಾಂಕ್ರೀಟ್ ಹಾಕಿದ ದಿನಾಂಕ, ಪರೀಕ್ಷೆ ನಡೆದಾಗ ಮಣ್ಣು ತುಂಬಿತ್ತೇ ಮತ್ತು ಒಳಗೆ ಪದರ ಬಳಿದಿತ್ತೇ ಎಂಬುದು ಮೊದಲು ಬರಬೇಕು. ಬಳಿಕ ತುಂಬಲು ಶುರುಮಾಡಿದ ಮತ್ತು ಮುಗಿಸಿದ ದಿನ ಹಾಗೂ ಸಮಯ, ಯಾವ ಪೈಪನ್ನು ಹೇಗೆ ಮುಚ್ಚಲಾಗಿತ್ತು, ಅಳತೆಯ ಸಾಧನ ಯಾವುದು, ಅದು ಎಷ್ಟು ನಿಖರ ಎಂಬುದು. ಆಮೇಲೆ ಪ್ರತಿದಿನದ ಸಾಲು: ಗಂಟೆ, ಮಟ್ಟ, ನೀರಿನ ಉಷ್ಣಾಂಶ, ತೇಲಿಸಿದ ಪಾತ್ರೆಯ ಇಳಿಕೆ, ಹೊರಗಿನ ಎರಡು ಪೈಪುಗಳ ಮಟ್ಟ, ಮಳೆ ಬಂದಿದ್ದರೆ ಅದರ ಪ್ರಮಾಣ, ಮತ್ತು ಅಳೆದವರ ಹಾಗೂ ಸಾಕ್ಷಿಯ ಸಹಿ.

ಇಳಿಕೆಯನ್ನು ಮಿಲಿಮೀಟರಿನಲ್ಲಿಯೂ ಲೀಟರಿನಲ್ಲಿಯೂ ಬರೆಯಬೇಕು. ನೀರು ಸಮಿತಿಯ ಸದಸ್ಯರಿಗೆ ಅರ್ಥವಾಗುವುದು ಲೀಟರು. ವಿಫಲವಾದ ಮೊದಲ ಪರೀಕ್ಷೆಯ ಹಾಳೆಗಳನ್ನು ಕಿತ್ತುಹಾಕಿ ಪಾಸಾದದ್ದನ್ನು ಮಾತ್ರ ಲಗತ್ತಿಸುವ ರೂಢಿ ಕೆಲವೆಡೆ ಇದೆ. ಅದರಿಂದ ತೊಂದರೆಯಾಗುವುದು ತೊಟ್ಟಿಯನ್ನು ಮುಂದೆ ನೋಡಿಕೊಳ್ಳುವವರಿಗೆ, ಏಕೆಂದರೆ ಹೊರಹರಿವಿನ ಪೈಪಿನ ಬುಡದಲ್ಲಿ ಒಮ್ಮೆ ದುರಸ್ತಿಯಾಗಿದೆ ಎಂಬ ವಿಷಯವೇ ಅವರಿಗೆ ತಿಳಿಯುವುದಿಲ್ಲ. ದುರಸ್ತಿಯ ಜಾಗ, ಬಳಸಿದ ವಸ್ತು ಮತ್ತು ಫೋಟೋಗಳು ಮರುಪರೀಕ್ಷೆಯ ಜೊತೆಯಲ್ಲೇ ಇರಲಿ. ಮೆಜರ್‌ಮೆಂಟ್ ಬುಕ್ಕಿನಲ್ಲಿ ವರದಿಯ ಸಂಖ್ಯೆ ಮತ್ತು ದಿನಾಂಕವನ್ನು ನಮೂದಿಸಿ, ಒಂದು ಪ್ರತಿಯನ್ನು ಪಂಚಾಯಿತಿ ಕಚೇರಿಯಲ್ಲಿ ಇಡಬೇಕು.

ಹೊರಗೆ ನೀರು ನಿಂತಿರುವಾಗಲೇ ಪರೀಕ್ಷೆ ಮಾಡಬೇಕಾಗಿ ಬಂದರೆ ವರದಿಯಲ್ಲಿ ಹೇಗೆ ಬರೆಯುವುದು?

ಹೊರಗಿನ ನೀರಿನ ಮಟ್ಟ ತೊಟ್ಟಿಯ ತಳದಿಂದ ಎಷ್ಟು ಎತ್ತರದಲ್ಲಿತ್ತೆಂದು ಬರೆದು, ಆ ಎತ್ತರದ ಕೆಳಗಿನ ಗೋಡೆ ಮತ್ತು ತಳ ಪೂರ್ಣ ಒತ್ತಡದಲ್ಲಿ ಪರೀಕ್ಷೆಗೆ ಒಳಪಟ್ಟಿಲ್ಲ ಎಂದು ಸ್ಪಷ್ಟವಾಗಿ ಸೇರಿಸಿ, ಫಲಿತಾಂಶವನ್ನು ತಾತ್ಕಾಲಿಕ ಎಂದು ಗುರುತಿಸಬೇಕು. ಭದ್ರತಾ ಠೇವಣಿ ಹಿಂದಿರುಗಿಸುವ ಮೊದಲು ಬರುವ ಜನವರಿಯಲ್ಲಿ ಪೂರ್ಣ ಪರೀಕ್ಷೆ ಆಗಬೇಕೆಂಬ ಷರತ್ತನ್ನು ಅದೇ ಹಾಳೆಯಲ್ಲಿ ಬರೆದು, ಗುತ್ತಿಗೆದಾರರ ಸಹಿಯನ್ನು ಅಂದೇ ಪಡೆಯಿರಿ.